ಏಳು ಪುಟದ ಬೆಳೆ ವಿಮೆ ಸುತ್ತೋಲೆಯನ್ನು ಒಂದು ಪುಟಕ್ಕೆ ಇಳಿಸುವುದು ಹೇಗೆ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆ ಸುತ್ತೋಲೆ ಬಂದಾಗ ಅದರ ಸಾರಾಂಶ ಬರೆದು ಬೋರ್ಡಿಗೆ ಹಾಕುವುದು, ವಾಟ್ಸಾಪ್‌ಗೆ ಕಳಿಸುವುದು ನನ್ನ ಕೆಲಸ. ಕಳೆದ ವರ್ಷ ಹೀಗೆ ಬರೆದಿದ್ದೆ: "ಅಡಿಕೆ, ಕಾಳುಮೆಣಸಿಗೆ ಬೆಳೆ ವಿಮೆ ಬಂದಿದೆ. ಎಲ್ಲಾ ರೈತರು ಆದಷ್ಟು ಬೇಗ ಕಟ್ಟಿ. ಕೊನೆಯ ದಿನ ಜುಲೈ 31. ದಾಖಲೆ: ಪಹಣಿ, ಆಧಾರ್, ಪಾಸ್‌ಬುಕ್." ಆಮೇಲೆ ತುಂಬಾ ಜನ ಬೈದರು. ಸಾಲ ಇರುವವರಿಗೆ ತಾನಾಗೇ ಆಗುತ್ತೆ ಅಂತ ಕೆಲವರು ಸುಮ್ಮನಿದ್ದರು. ಪಹಣಿ ತೀರಿಹೋದ ಅಪ್ಪನ ಹೆಸರಲ್ಲಿದೆ ಅಂತ ಕೆಲವರು ಕೊನೆಯ ದಿನ ವಾಪಸ್ ಬಂದರು. ಅಡಿಕೆಗೆ ಕೊಳೆ ರೋಗ ಬಂದರೂ ಹಣ ಬರಲಿಲ್ಲ ಅಂತ ಇನ್ನು ಕೆಲವರು. ಪೂರ್ತಿ ಹಾಕಿದರೆ ಯಾರೂ ಓದಲ್ಲ, ಚಿಕ್ಕದು ಮಾಡಿದರೆ ತಪ್ಪಾಗುತ್ತೆ. ಏನು ಬಿಡಬೇಕು, ಏನು ಇಡಬೇಕು?

ಉತ್ತರ: ನಿಮ್ಮ ನಾಲ್ಕು ಸಾಲಿನಲ್ಲಿ ಸುಳ್ಳು ಒಂದೂ ಇಲ್ಲ. ತೊಂದರೆ ಆಗಿದ್ದು "ಎಲ್ಲಾ ರೈತರು" ಅನ್ನುವಲ್ಲಿ. ಸುತ್ತೋಲೆ ಎಲ್ಲರಿಗೂ ಒಂದೇ ಮಾತು ಹೇಳುವುದಿಲ್ಲ. ಬೆಳೆ ಸಾಲ ಇರುವವರಿಗೆ ಒಂದು ದಾರಿ, ಇಲ್ಲದವರಿಗೆ ಇನ್ನೊಂದು. ಬ್ಯಾಂಕಿಗೆ ಒಂದು ತಾರೀಖು, ರೈತರಿಗೆ ಇನ್ನೊಂದು. ಅದನ್ನು ಬರೀ ಕತ್ತರಿಸಿ ಚಿಕ್ಕದು ಮಾಡಿದರೆ ಮೊದಲು ಉದುರುವುದೇ ಈ ವ್ಯತ್ಯಾಸಗಳು. ತೋಟಗಾರಿಕೆ ಇಲಾಖೆಯಲ್ಲಿ ಇದ್ದಷ್ಟು ಕಾಲ ಈ ವಿಮೆಯ ಅರ್ಜಿಗಳನ್ನು ಹತ್ತಿರದಿಂದ ನೋಡಿದ್ದೇನೆ. ಜನ ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಇಂಥ ಕಡೆಯಲ್ಲೇ.

ಸುತ್ತೋಲೆ ಕೈಗೆ ಬಂದ ಕೂಡಲೇ ಮೊದಲ ಪುಟದಿಂದ ಓದಬೇಡಿ. ಅಲ್ಲಿರುವುದು ವಿಷಯ, ಉಲ್ಲೇಖ, ಪ್ರಸ್ತಾವನೆ. ಹಳೆಯ ಆದೇಶಗಳ ಸಂಖ್ಯೆಯೇ ಅರ್ಧ ಪುಟ ಇರುತ್ತದೆ. ಮೊದಲ ಪುಟದಿಂದ ಸುತ್ತೋಲೆಯ ಸಂಖ್ಯೆ ಮತ್ತು ದಿನಾಂಕ ಎರಡನ್ನು ಬರೆದಿಟ್ಟುಕೊಂಡು ಸೀದಾ ಕೊನೆಯ ಅನುಬಂಧಕ್ಕೆ ಹೋಗಿ. ಯಾವ ಪಂಚಾಯಿತಿಗೆ ಯಾವ ಬೆಳೆ ಅನ್ನುವ ಪಟ್ಟಿ ಅಲ್ಲಿರುತ್ತದೆ. ಈ ವಿಮೆ ಇಡೀ ಜಿಲ್ಲೆಗೆ ಒಟ್ಟಾಗಿ ಬರುವಂಥದ್ದಲ್ಲ, ಪಟ್ಟಿಯಲ್ಲಿರುವ ಪಂಚಾಯಿತಿಗೆ, ಪಟ್ಟಿಯಲ್ಲಿರುವ ಬೆಳೆಗೆ ಮಾತ್ರ. ನಿಮ್ಮ ಪಂಚಾಯಿತಿಯ ಎದುರು ಅಡಿಕೆ ಇದೆಯಾ, ಕಾಳುಮೆಣಸು ಇದೆಯಾ, ಎರಡೂ ಇದೆಯಾ ಅಂತ ಬೆರಳಿಟ್ಟು ನೋಡಿ. ಪಕ್ಕದ ಪಂಚಾಯಿತಿಗೆ ಇದೆ ಅಂತ ನಿಮಗೂ ಇದೆ ಅಂದುಕೊಳ್ಳುವ ಹಾಗಿಲ್ಲ.

ಆಮೇಲೆ ತಾರೀಖುಗಳು. ಇಲ್ಲಿ ಸ್ವಲ್ಪ ನಿಧಾನ ಮಾಡಿ, ಸಾರಾಂಶ ಹಾಳಾಗುವುದು ಜಾಸ್ತಿ ಇಲ್ಲೇ. ಸುತ್ತೋಲೆಯಲ್ಲಿ ಕಾಣುವ ಪ್ರತಿ ದಿನಾಂಕವನ್ನೂ ಒಂದು ಹಾಳೆಯಲ್ಲಿ ಬರೆದು, ಎದುರಿಗೆ "ಇದು ಯಾರು ಮಾಡಬೇಕಾದ ಕೆಲಸ?" ಅಂತ ಬರೆಯಿರಿ. ರೈತ ನೋಂದಣಿ ಮಾಡಿಸಲು ಒಂದು ದಿನ ಇರುತ್ತದೆ. ಬ್ಯಾಂಕು ಅಥವಾ ಸೊಸೈಟಿ ರೈತರ ವಿವರಗಳನ್ನು ಪೋರ್ಟಲ್‌ಗೆ ಏರಿಸಲು, ಕಂತಿನ ಹಣವನ್ನು ವಿಮಾ ಕಂಪನಿಗೆ ಕಳಿಸಲು ಅದಕ್ಕಿಂತ ತಡವಾದ ದಿನ ಇರಬಹುದು. ಈ ತಡದ ದಿನ ನೋಟಿಸಿನಲ್ಲಿ ಕಾಣಿಸಲೇಬಾರದು. "ಇನ್ನೂ ಹದಿನೈದು ದಿನ ಟೈಮ್ ಇದೆಯಂತೆ" ಅನ್ನುವ ಸುದ್ದಿ ಹುಟ್ಟುವುದು ಅಲ್ಲಿಂದಲೇ.

ನಿಮ್ಮ ನೋಟಿಸಿನಲ್ಲಿ ಇಲ್ಲದ ಇನ್ನೊಂದು ತಾರೀಖು ಇದೆ. ಅದು ಬೆಳೆ ಸಾಲ ಇರುವವರದ್ದು. 2020ರ ಮುಂಗಾರಿನಿಂದ ಈ ವಿಮೆ ಯಾರಿಗೂ ಕಡ್ಡಾಯವಲ್ಲ. ಅದಕ್ಕೂ ಮೊದಲು ಪಟ್ಟಿಯಲ್ಲಿರುವ ಬೆಳೆಗೆ ಸಾಲ ಪಡೆದವರಿಗೆ ಕಡ್ಡಾಯ ಇತ್ತು. ಈಗ ಬೆಳೆ ಸಾಲ ಇರುವವರು ವಿಮೆ ಬೇಡ ಅಂದರೆ ನೋಂದಣಿಯ ಕೊನೆಯ ದಿನಕ್ಕಿಂತ ಕನಿಷ್ಠ 7 ದಿನ ಮೊದಲು ಬ್ಯಾಂಕಿಗೆ ಬರೆದು ಕೊಡಬೇಕು. ಕೊಡದೇ ಇದ್ದರೆ ಒಪ್ಪಿಗೆ ಇದೆ ಅಂತ ಲೆಕ್ಕ ಹಾಕಿ ಖಾತೆಯಿಂದ ಕಂತು ಹಿಡಿಯುತ್ತಾರೆ. ಕೊನೆಯ ದಿನ ಜುಲೈ 31 ಆದರೆ, "ಬೇಡ" ಅನ್ನುವವರ ಕೊನೆಯ ದಿನ ಜುಲೈ 24.

ಹಾಗಾದರೆ ಸಾಲ ಇರುವವರಿಗೆ ತಾನಾಗೇ ಆಗುತ್ತೆ ಅನ್ನುವುದು ಸರಿಯೇ ಅಲ್ವಾ ಅಂತ ನೀವು ಕೇಳಬಹುದು. ಅರ್ಧ ಸರಿ. ಪಟ್ಟಿಯಲ್ಲಿರುವ ಬೆಳೆಯ ಮೇಲೆ ಬೆಳೆ ಸಾಲ ಇದ್ದರೆ ಮಾತ್ರ ಆ ಮಾತು ನಡೆಯುತ್ತದೆ. ಊರಿನಲ್ಲಿ "ನಂಗೆ ಸೊಸೈಟಿ ಸಾಲ ಉಂಟು" ಅನ್ನುವವರದ್ದು ಚಿನ್ನದ ಮೇಲಿನ ಸಾಲ ಇರಬಹುದು, ಪಂಪ್‌ಸೆಟ್ ಸಾಲ ಇರಬಹುದು, ಗದ್ದೆಯ ಭತ್ತಕ್ಕೆ ತೆಗೆದ ಸಾಲ ಇರಬಹುದು. ಇವು ಯಾವುದರಿಂದಲೂ ಅಡಿಕೆಗೆ ವಿಮೆ ಆಗುವುದಿಲ್ಲ. ಬೆಳೆ ಸಾಲವೇ ಇದ್ದರೂ ಆ ವರ್ಷ ನವೀಕರಣ ಆಗದೇ ಇದ್ದರೆ ಕಂತು ಹಿಡಿಯದೇ ಹೋಗಬಹುದು. ಆದ್ದರಿಂದ ನೋಟಿಸಿನಲ್ಲಿ ನಿಯಮ ವಿವರಿಸುವ ಬದಲು ಪರೀಕ್ಷೆ ಹೇಳಿ: ಪಾಸ್‌ಬುಕ್ ಎಂಟ್ರಿ ಮಾಡಿಸಿ, ಈ ವರ್ಷದ ವಿಮೆ ಕಂತು ಕಡಿತ ಆಗಿದೆಯಾ ನೋಡಿ. ಆಗದಿದ್ದರೆ ಕೊನೆಯ ದಿನದೊಳಗೆ ವಿಚಾರಿಸಿ. ಸಾಲದ ಬಗೆಯನ್ನು ಕಾಗದದ ಮೇಲೆ ಬಿಡಿಸಿ ಹೇಳುವುದಕ್ಕಿಂತ ಇದು ಯಾರಿಗಾದರೂ ಅರ್ಥ ಆಗುತ್ತದೆ.

ಇನ್ನು ಅರ್ಹತೆ. "ದಾಖಲೆ: ಪಹಣಿ" ಅಂತ ಬರೆದಾಗ ಓದುವವರು ತಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಪಹಣಿ ನೆನೆಸಿಕೊಂಡು ಸಮಾಧಾನ ಆಗುತ್ತಾರೆ. ಕಾಗದ ಇದೆಯಾ ಇಲ್ವಾ ಅನ್ನುವುದು ದೊಡ್ಡ ವಿಷಯವಲ್ಲ. ಅದರ ಒಳಗೆ ಯಾರ ಹೆಸರಿದೆ, ಯಾವ ಬೆಳೆ ಇದೆ ಅನ್ನುವುದು ಮುಖ್ಯ. ಮಲೆನಾಡಿನಲ್ಲಿ ಇವೆರಡೂ ಜಾಸ್ತಿ ತಪ್ಪಿರುತ್ತವೆ.

ಹೆಸರಿನ ವಿಷಯಕ್ಕೆ ಬನ್ನಿ. ಅಪ್ಪ ತೀರಿಹೋಗಿ ವರ್ಷಗಳಾಗಿರುತ್ತವೆ, ಪಹಣಿ ಅವರ ಹೆಸರಲ್ಲೇ ಇರುತ್ತದೆ. ತೋಟ ನೋಡಿಕೊಳ್ಳುವ ಮಗನಿಗೆ ಆ ಜಮೀನಿಗೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಆಗುವುದಿಲ್ಲ. ಎಫ್‌ಐಡಿ ಅಂತ ಎಲ್ಲರೂ ಕರೆಯುವ ಆ ಸಂಖ್ಯೆಗೆ ಸರ್ವೆ ನಂಬರ್ ಜೋಡಣೆ ಆಗದೇ ಇದ್ದರೆ ವಿಮೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಇದಕ್ಕೆ ಪೌತಿ ಖಾತೆ ಮಾಡಿಸಬೇಕು, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಬೇಕು. ಅದು ವಿಮೆಯ ಗಡುವಿನೊಳಗೆ ಮುಗಿಯುವ ಕೆಲಸವಲ್ಲ. ಅರ್ಜಿ ನಾಡಕಚೇರಿಗೆ, ಆಮೇಲೆ ಗ್ರಾಮ ಆಡಳಿತಾಧಿಕಾರಿ, ವಂಶವೃಕ್ಷ, ನೋಟಿಸಿನ ಅವಧಿ, ಹೀಗೆ ನಡೆಯುತ್ತದೆ. ಜುಲೈನಲ್ಲಿ ನೋಟಿಸು ನೋಡಿ ಓಡಿದರೆ ಆ ವರ್ಷ ಸಿಗುವುದಿಲ್ಲ. ಈ ಒಂದು ಸಾಲಿಗೆ ಸುತ್ತೋಲೆ ಬರುವವರೆಗೆ ಕಾಯಬೇಡಿ. ಬೇಸಿಗೆಯಲ್ಲೇ, ಅಡಿಕೆ ಕೊಯ್ಲು ಮುಗಿದು ಜನ ಸ್ವಲ್ಪ ಬಿಡುವಾದಾಗ, "ಪಹಣಿ ಯಾರ ಹೆಸರಲ್ಲಿದೆ ನೋಡಿಕೊಳ್ಳಿ" ಅಂತ ಬೋರ್ಡಿಗೆ ಹಾಕಿ. ಕಳೆದ ವರ್ಷ ವಾಪಸ್ ಬಂದವರ ಮನೆಗಳು ನಿಮಗೆ ಗೊತ್ತಿವೆಯಲ್ಲ, ಅವರಿಗೆ ಬಾಯಲ್ಲೇ ಹೇಳಿ.

ಜಂಟಿ ಪಹಣಿ ಇರುವ ಕಡೆ ಇನ್ನೊಂದು ತೊಡಕು. ಮೂವರು ಅಣ್ಣತಮ್ಮಂದಿರ ಹೆಸರಿದ್ದಾಗ ಒಬ್ಬ ಇಡೀ ಕ್ಷೇತ್ರಕ್ಕೆ ಕಟ್ಟಿ, ಇನ್ನೊಬ್ಬ ತನ್ನ ಪಾಲಿಗೆ ಬೇರೆ ಕಟ್ಟಿದರೆ ಒಂದೇ ಜಮೀನಿಗೆ ಎರಡು ಸಲ ವಿಮೆ ಆದಂತೆ. ಹಣ ಬರುವ ಹೊತ್ತಿಗೆ ಇಬ್ಬರದ್ದೂ ನಿಲ್ಲಬಹುದು. ಒಬ್ಬರೇ ಕಟ್ಟುವುದಾದರೆ ಉಳಿದವರ ಒಪ್ಪಿಗೆ ಪತ್ರವನ್ನು ಬ್ಯಾಂಕಿನವರು ಕೇಳಬಹುದು. ಬೆಂಗಳೂರಿನಲ್ಲಿರುವ ತಮ್ಮನ ಸಹಿ ಒಂದೇ ದಿನದಲ್ಲಿ ಬರುವುದಿಲ್ಲ ಅನ್ನುವುದು ನೆನಪಿರಲಿ.

ಬೆಳೆಯ ವಿಷಯ ಇನ್ನೂ ಕಣ್ಣಿಗೆ ಬೀಳದಂಥದ್ದು. ಗದ್ದೆಯನ್ನು ಅಡಿಕೆ ತೋಟ ಮಾಡಿದ ಜಾಗ ನಮ್ಮ ಕಡೆ ಎಷ್ಟಿವೆ! ಮರ ಫಸಲು ಕೊಡುತ್ತಿರುತ್ತದೆ, ದಾಖಲೆಯಲ್ಲಿ ಮಾತ್ರ ಭತ್ತ ಅಂತಲೇ ಇರುತ್ತದೆ. ವಿಮೆ ಮಾಡಿಸಿದ ಬೆಳೆಯನ್ನು ಬೆಳೆ ಸಮೀಕ್ಷೆಯ ಬೆಳೆಯ ಜೊತೆ ಹೋಲಿಸಿ ನೋಡುತ್ತಾರೆ. ಎರಡೂ ಹೊಂದದಿದ್ದರೆ ಕಂತು ಕಟ್ಟಿದ್ದರೂ ಪರಿಹಾರ ತಡೆಯುತ್ತಾರೆ. ರೈತನಿಗೆ ಇದು ಗೊತ್ತಾಗುವುದು ಪಕ್ಕದ ಮನೆಗೆ ಹಣ ಬಂದು ತನಗೆ ಬರದೇ ಇದ್ದಾಗ. ಸಮೀಕ್ಷೆಯಲ್ಲಿ ತನ್ನ ಸರ್ವೆ ನಂಬರಿಗೆ ಏನು ಬರೆದಿದ್ದಾರೆ ಅನ್ನುವುದನ್ನು "ಬೆಳೆ ದರ್ಶಕ" ಆ್ಯಪ್‌ನಲ್ಲಿ ನೋಡಬಹುದು, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಆಕ್ಷೇಪಣೆಗೂ ಒಂದು ಅವಧಿ ಇರುತ್ತದೆ, ಅದು ವಿಮೆ ಗಡುವಿನ ತಾರೀಖಲ್ಲ. ಅರಿವು ಕೇಂದ್ರದಲ್ಲಿ ಮೊಬೈಲ್ ಇಟ್ಟುಕೊಂಡು ಒಂದು ಸಂಜೆ ಬಂದವರಿಗೆಲ್ಲ ಇದನ್ನು ತೋರಿಸಿಕೊಟ್ಟರೆ, ಅದು ಹತ್ತು ನೋಟಿಸಿನಷ್ಟು ಕೆಲಸ ಮಾಡುತ್ತದೆ.

ಕೊಳೆ ಬಂದರೂ ಹಣ ಬರಲಿಲ್ಲ ಅನ್ನುವವರ ಸಿಟ್ಟಿಗೂ ಕಾರಣ ಇದೆ. ಅವರಿಗೆ ಯಾರೂ ಸರಿಯಾಗಿ ಹೇಳಿಲ್ಲ. ಈ ವಿಮೆಯಲ್ಲಿ ನೋಡುವುದು ಮಳೆ ಮಾಪನ ಯಂತ್ರದ ಅಂಕಿಯನ್ನು. ನಿಮ್ಮ ಮರದ ಮೇಲಿನ ಗೊನೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿಗಳಲ್ಲಿ ಮಳೆ ಮಾಪಕ, ಹೋಬಳಿಯಲ್ಲಿ ಹವಾಮಾನ ಕೇಂದ್ರ ಇಟ್ಟಿದ್ದಾರೆ. ಸುತ್ತೋಲೆಯ ಜೊತೆ ಟರ್ಮ್‌ಶೀಟ್ ಅಂತ ಒಂದು ಕೋಷ್ಟಕ ಇರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಮಳೆ ಇಷ್ಟು ಮಿಲಿಮೀಟರ್ ಮೀರಿದರೆ ಅಥವಾ ಇಷ್ಟಕ್ಕಿಂತ ಕಡಿಮೆಯಾದರೆ ಹೆಕ್ಟೇರಿಗೆ ಇಷ್ಟು ರೂಪಾಯಿ ಅಂತ ಅದರಲ್ಲಿ ಬರೆದಿರುತ್ತಾರೆ. ಯಂತ್ರದ ಅಂಕಿ ಆ ಗೆರೆ ದಾಟಿದರೆ ಪಂಚಾಯಿತಿಯಲ್ಲಿ ವಿಮೆ ಮಾಡಿಸಿದವರಿಗೆಲ್ಲ ಹಣ ಬರುತ್ತದೆ, ತೋಟ ಚೆನ್ನಾಗಿದ್ದರೂ. ದಾಟದಿದ್ದರೆ, ನಿಮ್ಮ ತೋಟದಲ್ಲಿ ಕೊಳೆಯಿಂದ ಅರ್ಧ ಕಾಯಿ ಉದುರಿದ್ದರೂ ಇಲ್ಲ. ಹೊಳೆಯ ಈಚೆ ಮತ್ತು ಆಚೆ ಎರಡು ಪಂಚಾಯಿತಿಗೆ ಬೇರೆ ಬೇರೆ ಮೊತ್ತ ಬರುವುದೂ ಇದರಿಂದಲೇ. ಎಲೆಚುಕ್ಕಿ ರೋಗ ಬಂತು ಅನ್ನುವ ಕಾರಣಕ್ಕೆ ಇದರಲ್ಲಿ ಹಣ ಕೇಳಲು ಬರುವುದಿಲ್ಲ.

ಟರ್ಮ್‌ಶೀಟನ್ನು ಸಾರಾಂಶದಲ್ಲಿ ಹಾಕಬೇಡಿ, ಯಾರೂ ಓದಲಾರರು. ಆದರೆ ಅದರ ಅರ್ಥ ಹೇಳುವ ಒಂದು ಸಾಲು ಇರಲೇಬೇಕು. ಇಲ್ಲದಿದ್ದರೆ ಜನ ಕೊಳೆ ಬಂದ ಗೊನೆಯ ಫೋಟೋ ಹಿಡಿದು ನಿಮ್ಮ ಬಾಗಿಲಿಗೆ ಬರುತ್ತಾರೆ.

ಈಗ ಲೆಕ್ಕ. ಸುತ್ತೋಲೆ ಹೆಕ್ಟೇರಿನಲ್ಲಿ ಮಾತಾಡುತ್ತದೆ, ಪಹಣಿ ಎಕರೆ ಗುಂಟೆಯಲ್ಲಿ. ಕಳೆದ ಕೆಲವು ವರ್ಷಗಳ ಆದೇಶದಲ್ಲಿ ಅಡಿಕೆಗೆ ವಿಮಾ ಮೊತ್ತ ಹೆಕ್ಟೇರಿಗೆ 1,28,000 ರೂಪಾಯಿ, ರೈತರು ಕಟ್ಟಬೇಕಾದ ಕಂತು ಅದರ ಶೇ 5, ಅಂದರೆ 6,400 ರೂಪಾಯಿ ಇತ್ತು. ಕಾಳುಮೆಣಸಿಗೆ 47,000 ಮತ್ತು 2,350. ಒಂದು ಹೆಕ್ಟೇರ್ ಅಂದರೆ ಸುಮಾರು 2 ಎಕರೆ 19 ಗುಂಟೆ. ಹಾಗಾಗಿ ಅಡಿಕೆಗೆ ಗುಂಟೆಗೆ 65 ರೂಪಾಯಿಗೆ ಸ್ವಲ್ಪ ಕಡಿಮೆ ಬೀಳುತ್ತದೆ. 1 ಎಕರೆ 20 ಗುಂಟೆ ತೋಟ ಇರುವ ಒಬ್ಬರನ್ನು ತಗೊಳ್ಳಿ. ಅದು 60 ಗುಂಟೆ, 0.607 ಹೆಕ್ಟೇರ್. ಕಂತು ಸುಮಾರು 3,885 ರೂಪಾಯಿ. ವಿಮಾ ಮೊತ್ತ ಸುಮಾರು 77,700. ಈ ವರ್ಷದ ಸುತ್ತೋಲೆಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿ ಲೆಕ್ಕ ಮಾಡಿ.

ನೋಟಿಸಿನಲ್ಲಿ ಎಕರೆಯ ಲೆಕ್ಕ ಕೊಡಿ, ಹೆಕ್ಟೇರ್ ಬಿಡಿ. ಎಕರೆಗೆ ಕಂತು ಸುಮಾರು 2,590 ಆಗುತ್ತದೆ. ಹೀಗೆ ಹಾಕಿದರೆ ಇನ್ನೊಂದು ಉಪಯೋಗ ಇದೆ: ಕೌಂಟರಿನಲ್ಲಿ ಕ್ಷೇತ್ರ ತಪ್ಪಾಗಿ ಹಾಕಿದರೆ ರೈತ ರಸೀದಿಯ ಮೊತ್ತ ನೋಡಿಯೇ ಹಿಡಿಯಬಹುದು. ಒಂದೂವರೆ ಎಕರೆ ತೋಟಕ್ಕೆ 2,590ರ ರಸೀದಿ ಬಂತೆಂದರೆ ಇಪ್ಪತ್ತು ಗುಂಟೆ ಬಿಟ್ಟುಹೋಗಿದೆ ಅಂತ ಅರ್ಥ. 77,700 ಅನ್ನುವ ಅಂಕಿಯನ್ನು ಮಾತ್ರ ಒಂಟಿಯಾಗಿ ಬರೆಯಬೇಡಿ. ಅದು ಎಲ್ಲ ಹಂತದಲ್ಲೂ ಹವಾಮಾನ ಪೂರ್ತಿ ಕೈಕೊಟ್ಟರೆ ಸಿಗಬಹುದಾದ ಗರಿಷ್ಠ. ಬರೆಯುವುದಾದರೆ "ಹೆಚ್ಚೆಂದರೆ" ಅಂತ ಸೇರಿಸಿ. ಇಲ್ಲದಿದ್ದರೆ ಅಷ್ಟೂ ಬಂದೇ ಬರುತ್ತದೆ ಅಂತ ಜನ ಲೆಕ್ಕ ಹಾಕಿಬಿಡುತ್ತಾರೆ.

ಇಷ್ಟನ್ನು ಇಟ್ಟುಕೊಂಡು ನಾನು ಬರೆದರೆ ನಿಮ್ಮ ನೋಟಿಸು ಹೀಗಿರುತ್ತದೆ. ತಾರೀಖು ನಿಮ್ಮ ಹಳೆಯ ನೋಟಿಸಿನದ್ದು, ಕಂತಿನ ಅಂಕಿ ಹಿಂದಿನ ಆದೇಶದ್ದು, ಈ ವರ್ಷದ್ದು ನೀವು ತುಂಬಿಸಿ.

> ನಮ್ಮ ಪಂಚಾಯಿತಿಯ ಅಡಿಕೆ ಬೆಳೆಗಾರರಿಗೆ: ಹವಾಮಾನ ಬೆಳೆ ವಿಮೆ
>
> ಕೊನೆಯ ದಿನ: ಜುಲೈ 31 (ವರ್ಷ ಬರೆಯಿರಿ). ಇದು ಸುತ್ತೋಲೆಯ ದಿನ. ಜುಲೈ 20ರೊಳಗೆ ಮುಗಿಸಿ ಅನ್ನುವುದು ನಮ್ಮ ಸಲಹೆ.
>
> ಅಡಿಕೆಗೆ ಬೆಳೆ ಸಾಲ ಇಲ್ಲದವರು: ಬ್ಯಾಂಕ್, ಗ್ರಾಮ ಒನ್ ಅಥವಾ ಸಿಎಸ್‌ಸಿಯಲ್ಲಿ ನೀವೇ ನೋಂದಣಿ ಮಾಡಿಸಬೇಕು. ಎಫ್‌ಐಡಿ, ಪಹಣಿ, ಆಧಾರ್, ಪಾಸ್‌ಬುಕ್ ತನ್ನಿ.
>
> ಅಡಿಕೆಗೆ ಬೆಳೆ ಸಾಲ ಇರುವವರು: ಬ್ಯಾಂಕಿನವರು ಕಂತು ಹಿಡಿಯುತ್ತಾರೆ. ಹಿಡಿದಿದ್ದಾರಾ ಅಂತ ಪಾಸ್‌ಬುಕ್‌ನಲ್ಲಿ ನೋಡಿ. ವಿಮೆ ಬೇಡ ಅನ್ನುವವರು ಜುಲೈ 24ರೊಳಗೆ ಬರೆದು ಕೊಡಿ. ಚಿನ್ನದ ಸಾಲ, ಬೇರೆ ಸಾಲ ಇದ್ದರೆ ಇದು ಅನ್ವಯಿಸುವುದಿಲ್ಲ.
>
> ಕಂತು: ಎಕರೆಗೆ ಸುಮಾರು 2,590 ರೂಪಾಯಿ.
>
> ಹೋಗುವ ಮೊದಲು ನೋಡಿಕೊಳ್ಳಿ: ಪಹಣಿ ಬದುಕಿರುವವರ ಹೆಸರಲ್ಲಿದೆಯಾ? ಆ ಸರ್ವೆ ನಂಬರ್ ಎಫ್‌ಐಡಿಯಲ್ಲಿ ಇದೆಯಾ? ಬೆಳೆ ಸಮೀಕ್ಷೆಯಲ್ಲಿ ಅಡಿಕೆ ಅಂತ ಇದೆಯಾ? ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ?
>
> ಪರಿಹಾರ ಪಂಚಾಯಿತಿಯ ಮಳೆ ಮಾಪನದ ಲೆಕ್ಕದಲ್ಲಿ ಬರುತ್ತದೆ. ಒಬ್ಬೊಬ್ಬರ ತೋಟದ ನಷ್ಟ ನೋಡುವುದಿಲ್ಲ.
>
> ರಸೀದಿಯಲ್ಲಿ ಹೆಸರು, ಸರ್ವೆ ನಂಬರ್, ಬೆಳೆ, ಕ್ಷೇತ್ರ ನೋಡಿ ಇಟ್ಟುಕೊಳ್ಳಿ.
>
> ಸುತ್ತೋಲೆ ಸಂಖ್ಯೆ ಮತ್ತು ದಿನಾಂಕ: ____. ಪೂರ್ತಿ ಪ್ರತಿ ಅರಿವು ಕೇಂದ್ರದಲ್ಲಿದೆ.

ಎರಡು ತಾರೀಖು ಯಾಕೆ ಅಂತ ಹೇಳುತ್ತೇನೆ. ಕೊನೆಯ ದಿನಗಳಲ್ಲಿ ಪೋರ್ಟಲ್ ನಿಧಾನ ಆಗುತ್ತದೆ, ಜುಲೈ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ. ಅದಕ್ಕೇ ಕೆಲವರು ಜನ ಬೇಗ ಬರಲಿ ಅಂತ ಜುಲೈ 20 ಅನ್ನುವುದನ್ನೇ ಕೊನೆಯ ದಿನ ಅಂತ ಬರೆದುಬಿಡುತ್ತಾರೆ. ಉದ್ದೇಶ ಒಳ್ಳೆಯದೇ, ಆದರೆ ಮಾಡಬೇಡಿ. 21ನೇ ತಾರೀಖು ಬೋರ್ಡು ನೋಡಿದವನು ಮುಗಿದುಹೋಯ್ತು ಅಂತ ಮನೆಗೆ ಹೋಗುತ್ತಾನೆ. ನಿಜವಾದ ದಿನ ಬೇರೆ ಇತ್ತು ಅಂತ ಗೊತ್ತಾದವನು ಮುಂದಿನ ವರ್ಷ ನಿಮ್ಮ ತಾರೀಖನ್ನು ನಂಬುವುದಿಲ್ಲ. ಸುತ್ತೋಲೆ ಹೇಳಿದ್ದು ಯಾವುದು, ನೀವು ಹೇಳುತ್ತಿರುವುದು ಯಾವುದು ಅಂತ ಬೇರೆ ಬೇರೆ ಕಾಣಿಸಿದರೆ ಸಾಕು.

ಕಾಳುಮೆಣಸಿಗೆ ಬೇರೆ ನೋಟಿಸು ಹಾಕಿ. ಅಡಿಕೆ ಮರಕ್ಕೇ ಬಳ್ಳಿ ಹಬ್ಬಿಸಿದ ತೋಟದಲ್ಲಿ ಒಂದಕ್ಕೆ ಕಟ್ಟಿದರೆ ಎರಡಕ್ಕೂ ಆಯ್ತು ಅಂದುಕೊಳ್ಳುವವರು ಇದ್ದಾರೆ. ಎರಡು ಬೆಳೆಗೂ ಕಂತು ಬೇರೆ, ಅರ್ಜಿಯಲ್ಲಿ ತೋರಿಸುವ ಕ್ಷೇತ್ರವೂ ಬೇರೆ.

ಎಲ್ಲಿ ಹಾಕುವುದು ಅನ್ನುವುದನ್ನೂ ಸ್ವಲ್ಪ ಯೋಚಿಸಿ. ಪಂಚಾಯಿತಿ ಬೋರ್ಡು ನೋಡುವವರು ಕೆಲಸ ಇದ್ದು ಬಂದವರು ಮಾತ್ರ. ಹಾಲಿನ ಡೇರಿಗೆ ಬೆಳಿಗ್ಗೆ ಊರೇ ಬರುತ್ತದೆ, ಅಲ್ಲೊಂದು ಪ್ರತಿ ಅಂಟಿಸಿ. ವಾಟ್ಸಾಪ್‌ನಲ್ಲಿ ಸುತ್ತೋಲೆಯ ಫೋಟೋ ಕಳಿಸುವುದು ಅಪಾಯ. ಯಾರೋ ತಾರೀಖಿನ ಭಾಗ ಮಾತ್ರ ಕತ್ತರಿಸಿ ಮುಂದೆ ಕಳಿಸುತ್ತಾರೆ, ಅದು ಎರಡು ವರ್ಷ ಬಿಟ್ಟು ಮತ್ತೆ ಓಡಾಡುತ್ತದೆ. ಟೈಪ್ ಮಾಡಿದ ಮಾತಿನಲ್ಲಿ ಕೊನೆಯ ದಿನದ ಪಕ್ಕದಲ್ಲೇ ವರ್ಷ ಇರಲಿ. ಓದಲು ಬಾರದ ಹಿರಿಯರಿಗೆ ಧ್ವನಿ ಸಂದೇಶ ಒಳ್ಳೆಯದು, ಅದರಲ್ಲೂ ಮೊದಲ ಮಾತಿನಲ್ಲೇ ಪಂಚಾಯಿತಿಯ ಹೆಸರು ಮತ್ತು ವರ್ಷ ಹೇಳಿ.

ಗಡುವು ವಿಸ್ತರಣೆ ಆಗುವುದುಂಟು. ಆದರೆ ಆಗುತ್ತೆ ಅಂತ ಬರೆಯಲೂಬೇಡಿ, ಬಾಯಲ್ಲಿ ಹೇಳಲೂಬೇಡಿ. ಹೊಸ ಆದೇಶದ ಸಂಖ್ಯೆ, ದಿನಾಂಕ ಕಣ್ಣಿಂದ ನೋಡಿದ ಮೇಲೆ, ರೈತ ಸಂಪರ್ಕ ಕೇಂದ್ರಕ್ಕೋ ತೋಟಗಾರಿಕೆ ಕಚೇರಿಗೋ ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ನಿಮ್ಮ ಪಂಚಾಯಿತಿಗೂ ನಿಮ್ಮ ಬೆಳೆಗೂ ಅದು ಅನ್ವಯಿಸುತ್ತದಾ ಅಂತ ಕೇಳಿ. ಒಂದು ಬೆಳೆಗೆ ವಿಸ್ತರಿಸಿ ಇನ್ನೊಂದಕ್ಕೆ ಬಿಡುವುದೂ ಇರುತ್ತದೆ. ಹೌದು ಅಂತಾದರೆ ಹಳೆಯ ನೋಟಿಸಿನ ಮೇಲೆ ಪೆನ್ನಿನಲ್ಲಿ ತಿದ್ದಬೇಡಿ. ಅದನ್ನು ಡೇರಿಯಿಂದಲೂ ಬೋರ್ಡಿನಿಂದಲೂ ತೆಗೆದು, ಹೊಸ ಆದೇಶದ ಸಂಖ್ಯೆ ಹಾಕಿದ ಹೊಸ ಹಾಳೆ ಅಂಟಿಸಿ.